ಸ್ಕ್ಯಾನ್ ವರದಿಯಲ್ಲಿ ಇದ್ದಷ್ಟನ್ನೇ ಮನೆಯವರಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ಮಾವನಿಗೆ ಎರಡು ತಿಂಗಳಿಂದ ಕೆಮ್ಮು. ಮೈಸೂರಿಗೆ ಹೋಗಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ವೈದ್ಯರನ್ನು ಕಾಣುವುದು ಮುಂದಿನ ವಾರ. ವರದಿಯಲ್ಲಿ ಕಂಡದ್ದನ್ನೆಲ್ಲ ಬರೆಯುವ ಫೈಂಡಿಂಗ್ಸ್ ಭಾಗವನ್ನೂ ಕೊನೆಗೆ ಅಭಿಪ್ರಾಯ ಹೇಳುವ ಇಂಪ್ರೆಷನ್ ಭಾಗವನ್ನೂ ಓದಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಸರಳವಾಗಿ ಬರೆದು ಹಾಕಿದೆ. ಅದನ್ನು ಓದಿ ಭಾವ ಟಿಬಿ ಎಂದರು, ಅತ್ತೆ ಕ್ಯಾನ್ಸರ್ ಎಂದು ಅಳುತ್ತಿದ್ದಾರೆ, ಮಾವ ಮಾತ್ರ ಏನೂ ಇಲ್ಲವಂತಲ್ಲ ಎಂದು ತೋಟಕ್ಕೆ ಹೊರಟರು. ನಾನಾಗಿ ಏನನ್ನೂ ಸೇರಿಸದೆ ಇದ್ದಷ್ಟನ್ನೇ ಬರೆಯುವುದು ಹೇಗೆ?
— ಓದುಗರು, ನಾಪೋಕ್ಲು

ಉತ್ತರ: ಪ್ರಶ್ನೆಯ ಜೊತೆಗೆ ನೀವು ಕಳುಹಿಸಿದ ವರದಿಯ ಪ್ರತಿಯನ್ನೂ ಗುಂಪಿಗೆ ಹಾಕಿದ ಸಂದೇಶವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಸಂದೇಶದಲ್ಲಿರುವುದು ಇಷ್ಟು: "ಬಲಗಡೆ ಶ್ವಾಸಕೋಶದಲ್ಲಿ ಹಳೆಯ ಟಿಬಿ ಇದೆ. ಎಡಗಡೆ 7 ಮಿ.ಮೀ. ಗಡ್ಡೆ ಇದೆ. ಲಿವರ್‌ನಲ್ಲೂ ಚಿಕ್ಕದೊಂದು ಇದೆ. ಈಗ ಸೋಂಕೇನೂ ಇಲ್ಲ. ಆರು ತಿಂಗಳು ಬಿಟ್ಟು ನೋಡಿದರೆ ಸಾಕಂತೆ." ಈ ಐದು ವಾಕ್ಯಗಳಲ್ಲಿ ಯಾವುದನ್ನೂ ನೀವು ಕಲ್ಪಿಸಿಕೊಂಡು ಬರೆದಿಲ್ಲ, ಪ್ರತಿಯೊಂದಕ್ಕೂ ವರದಿಯಲ್ಲಿ ಒಂದು ಮೂಲವಿದೆ. ಆದರೆ ವರದಿ ಬರೆದ ರೇಡಿಯಾಲಜಿಸ್ಟ್ ಒಂದೊಂದು ಮಾತನ್ನು ಎಷ್ಟು ಖಚಿತವಾಗಿ ಹೇಳಿದ್ದರೋ ಆ ಖಚಿತತೆ ಐದರಲ್ಲೂ ಬದಲಾಗಿದೆ. ಮೊದಲ ಎರಡರಲ್ಲಿ ಅದು ಏರಿದೆ, ಮೂರನೆಯದರಲ್ಲಿ ಕಳೆದೇಹೋಗಿದೆ, ಕೊನೆಯ ಎರಡರಲ್ಲಿ ಇಲ್ಲದ ಸಮಾಧಾನ ಸೇರಿದೆ. ಮನೆಯಲ್ಲಿ ಮೂವರು ಮೂರು ದಿಕ್ಕಿಗೆ ಹೋದದ್ದು ಇದರಿಂದಲೇ. ಮಡಿಕೇರಿಯಲ್ಲಿ ಇಂಥ ವರದಿಗಳನ್ನು ಬರೆಯುವುದೇ ನನ್ನ ಕೆಲಸವಾದ್ದರಿಂದ, ವರದಿ ಮನೆ ತಲುಪಿದ ಮೇಲೆ ಅದರ ಮಾತು ಎಲ್ಲಿ ಜಾರುತ್ತದೆ ಎಂಬುದನ್ನು ಬಹಳ ಗಮನವಿಟ್ಟು ನೋಡುತ್ತ ಬಂದಿದ್ದೇನೆ. ವೈದ್ಯಕೀಯ ಪದ ತಿಳಿಯದೆ ಆಗುವ ತಪ್ಪಿಗಿಂತ, ವಾಕ್ಯದ ಕೊನೆಯ ಕ್ರಿಯಾಪದ ಬದಲಾಗಿ ಆಗುವ ತಪ್ಪೇ ಹೆಚ್ಚು. "ಇರಬಹುದು" ಎಂಬುದು "ಇದೆ" ಆಗುತ್ತದೆ, "ಕಂಡುಬಂದಿಲ್ಲ" ಎಂಬುದು "ಇಲ್ಲ" ಆಗುತ್ತದೆ.

ಟಿಬಿ ಎಂಬ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ವರದಿಯ ಫೈಂಡಿಂಗ್ಸ್‌ನಲ್ಲಾಗಲಿ ಇಂಪ್ರೆಷನ್‌ನಲ್ಲಾಗಲಿ ಆ ಪದವೇ ಇಲ್ಲ. ವರದಿಯ ತಲೆಯಲ್ಲಿ, ಹೆಸರು ಮತ್ತು ವಯಸ್ಸಿನ ಕೆಳಗೆ, ಕ್ಲಿನಿಕಲ್ ಹಿಸ್ಟರಿ ಎಂಬ ಒಂದು ಸಾಲಿದೆ. ಅಲ್ಲಿ ಎರಡು ತಿಂಗಳ ಕೆಮ್ಮು ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಾಕ್ಸ್ ಎಂದು ಬರೆದಿದ್ದಾರೆ. ನಮ್ಮ ದೇಶದ ವೈದ್ಯರು ಕ್ಷಯರೋಗವನ್ನು ಹಾಗೆ ಕರೆಯುವ ರೂಢಿಯಿದೆ. 1882ರಲ್ಲಿ ಆ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದುದಾಗಿ ಪ್ರಕಟಿಸಿದ ರಾಬರ್ಟ್ ಕಾಕ್ ಅವರ ಹೆಸರು ಅದು. ಅಂತರ್ಜಾಲದಲ್ಲಿ ಆ ಪದವನ್ನು ಹುಡುಕಿದವರಿಗೆ ತಕ್ಷಣ ಟಿಬಿ ಎಂದು ಸಿಗುತ್ತದೆ. ಆದರೆ ಆ ಸಾಲು ಸ್ಕ್ಯಾನ್ ಮಾಡಿದ ಮೇಲೆ ಬರೆದದ್ದಲ್ಲ. ಸ್ಕ್ಯಾನ್‌ಗೆ ಚೀಟಿ ಕೊಟ್ಟ ವೈದ್ಯರು "ಇದು ಟಿಬಿ ಆಗಿರಬಹುದೇ, ನೋಡಿ ಹೇಳಿ" ಎಂದು ಕೇಳಿದ ಪ್ರಶ್ನೆ ಅದು. ರೇಡಿಯಾಲಜಿ ವಿಭಾಗದವರು ಚೀಟಿಯಲ್ಲಿದ್ದುದನ್ನು ಹಾಗೆಯೇ ಮೇಲೆ ಟೈಪ್ ಮಾಡುತ್ತಾರೆ. ಕೆಲವು ವರದಿಗಳಲ್ಲಿ ಇದೇ ಜಾಗದಲ್ಲಿ "ರೂಲ್ ಔಟ್" ಎಂಬ ಮಾತೋ ಅದರ ಎರಡಕ್ಷರದ ಸಂಕ್ಷೇಪವೋ ಇರುತ್ತದೆ. ಅದರ ಮುಂದೆ ಬರುವ ರೋಗದ ಹೆಸರೂ ಪ್ರಶ್ನೆಯೇ. ಆದ್ದರಿಂದ ಸಾರಾಂಶ ಬರೆಯುವಾಗ ಈ ಸಾಲನ್ನು ಫಲಿತಾಂಶದ ಜೊತೆ ಬೆರೆಸಲೇಬಾರದು. ಅದನ್ನು ಹೇಳಲೇಬೇಕು ಅನ್ನಿಸಿದರೆ "ವೈದ್ಯರು ಕೇಳಿದ್ದ ಪ್ರಶ್ನೆ" ಎಂದು ಬೇರೆಯಾಗಿ, ಮೊದಲೇ ಬರೆದುಬಿಡಿ.

ಈಗ ಆ ಪ್ರಶ್ನೆಗೆ ಇಂಪ್ರೆಷನ್ ಕೊಟ್ಟ ಉತ್ತರವನ್ನು ನೋಡಿ. ಬಲ ಶ್ವಾಸಕೋಶದ ಮೇಲ್ಭಾಗದ ತುದಿಯಲ್ಲಿ ಫೈಬ್ರೋಟಿಕ್ ಬ್ಯಾಂಡ್‌ಗಳಿವೆ, ಜೊತೆಗೆ ಸ್ವಲ್ಪ ಪ್ರಮಾಣದ ಟ್ರ್ಯಾಕ್ಷನ್ ಬ್ರಾಂಕಿಯೆಕ್ಟೇಸಿಸ್ ಇದೆ, ಇವು ಬಹುಶಃ ಹಳೆಯ ಸೋಂಕಿನ ನಂತರ ಉಳಿದ ಬದಲಾವಣೆಗಳು ಎಂಬುದು ಆ ಸಾಲಿನ ತಾತ್ಪರ್ಯ. ಫೈಬ್ರೋಟಿಕ್ ಬ್ಯಾಂಡ್ ಎಂದರೆ ಗಾಯ ಮಾಗಿದ ಮೇಲೆ ಉಳಿಯುವ ಕಲೆಯಂಥ ಎಳೆಗಳು. ಆ ಎಳೆಗಳು ಎಳೆದದ್ದರಿಂದ ಅಕ್ಕಪಕ್ಕದ ಸಣ್ಣ ಉಸಿರುನಾಳಗಳು ಅಗಲವಾಗಿರುವುದಕ್ಕೆ ಟ್ರ್ಯಾಕ್ಷನ್ ಬ್ರಾಂಕಿಯೆಕ್ಟೇಸಿಸ್ ಎನ್ನುತ್ತಾರೆ. ಇಲ್ಲಿ ನಾಲ್ಕು ಸಂಗತಿಗಳಿವೆ: ಏನು ಕಂಡಿತು, ಎಲ್ಲಿ ಕಂಡಿತು, ಅದು ಏನಾಗಿರಬಹುದು ಎಂಬ ಅಭಿಪ್ರಾಯ, ಆ ಅಭಿಪ್ರಾಯದ ಮುಂದಿರುವ "ಬಹುಶಃ". ನಿಮ್ಮ ವಾಕ್ಯದಲ್ಲಿ "ಎಲ್ಲಿ" ಎಂಬುದೊಂದು ಅರ್ಧ ಉಳಿದಿದೆ. "ಹಳೆಯ ಸೋಂಕು" ಎಂಬಲ್ಲಿ "ಹಳೆಯ ಟಿಬಿ" ಬಂದಿದೆ, "ಬಹುಶಃ" ಬಿದ್ದುಹೋಗಿದೆ, "ಉಳಿದ ಬದಲಾವಣೆ" ಎಂಬಲ್ಲಿ "ಇದೆ" ಬಂದಿದೆ. ಶ್ವಾಸಕೋಶದ ತುದಿಯಲ್ಲಿ ಇಂಥ ಕಲೆ ಉಳಿಸುವ ಸೋಂಕುಗಳಲ್ಲಿ ನಮ್ಮಲ್ಲಿ ಟಿಬಿ ಸಾಮಾನ್ಯ ಎಂಬುದು ನಿಜ, ನಿಮ್ಮ ಭಾವನವರಿಗೆ ಆ ಅನುಮಾನ ಬಂದದ್ದೂ ಅಸಹಜವಲ್ಲ. ಆದರೂ ವರದಿ ಬರೆದವರು ಚೀಟಿಯಲ್ಲಿ ಆ ಹೆಸರನ್ನು ಓದಿದ ಮೇಲೆಯೂ ಇಂಪ್ರೆಷನ್‌ನಲ್ಲಿ ಬಳಸದೆ ಬಿಟ್ಟಿದ್ದಾರೆ. ಅವರು ಬಿಟ್ಟ ಹೆಸರನ್ನು ಸಾರಾಂಶ ಬರೆಯುವವರು ತುಂಬಿಸಿದರೆ ಅದು ಸಾರಾಂಶವಾಗಿ ಉಳಿಯದೆ ಎರಡನೆಯ ವರದಿಯೇ ಆಗಿಬಿಡುತ್ತದೆ.

ಎಡಗಡೆಯ ವಿಷಯವೇ ನಿಮ್ಮ ಮನೆಯಲ್ಲಿ ಹೆಚ್ಚು ನೋವು ಕೊಟ್ಟಿರುವುದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಫೈಂಡಿಂಗ್ಸ್‌ನಲ್ಲಿ ಎಡ ಶ್ವಾಸಕೋಶದ ಕೆಳಹಾಲೆಯಲ್ಲಿ 7 × 6 ಮಿ.ಮೀ. ಅಳತೆಯ, ಅಂಚು ಸ್ಪಷ್ಟವಾಗಿರುವ ಸಾಲಿಡ್ ನೋಡ್ಯೂಲ್ ಒಂದಿದೆ, ಅದರೊಳಗೆ ಕ್ಯಾಲ್ಸಿಯಂ ಕಂಡಿಲ್ಲ ಎಂದಿದೆ. ಇಂಪ್ರೆಷನ್‌ನಲ್ಲಿ ಅದೇ ನೋಡ್ಯೂಲ್‌ನ ಮುಂದೆ ಇಂಡಿಟರ್ಮಿನೇಟ್ ಎಂಬ ಒಂದೇ ಪದವಿದೆ. ನೋಡ್ಯೂಲ್ ಎಂಬುದು ಆಕಾರ ಮತ್ತು ಗಾತ್ರವನ್ನು ಮಾತ್ರ ಹೇಳುವ ಪದ: ಶ್ವಾಸಕೋಶದೊಳಗೆ ಹೆಚ್ಚುಕಡಿಮೆ ಗುಂಡಗೆ ಕಾಣುವ, 3 ಸೆಂ.ಮೀ.ವರೆಗಿನ ಗುರುತಿಗೆ ಆ ಹೆಸರು, ಅದಕ್ಕಿಂತ ದೊಡ್ಡದಾದರೆ ಮಾಸ್ ಎನ್ನುತ್ತೇವೆ. ಅದು ಯಾವುದರಿಂದ ಆಗಿದೆ ಎಂಬ ಸುಳಿವು ಆ ಪದದಲ್ಲಿಲ್ಲ. ಮಾಗಿದ ಸೋಂಕಿನ ಗುರುತು, ಶ್ವಾಸಕೋಶದೊಳಗಿನ ಚಿಕ್ಕ ಹಾಲುರಸ ಗ್ರಂಥಿ ಅಂದರೆ ಲಿಂಫ್ ನೋಡ್, ಅಪಾಯವಿಲ್ಲದ ಬೆಳವಣಿಗೆ, ಕ್ಯಾನ್ಸರ್, ಇವೆಲ್ಲವೂ ಸ್ಕ್ಯಾನ್‌ನಲ್ಲಿ ನೋಡ್ಯೂಲ್ ಆಗಿಯೇ ಕಾಣಬಹುದು. "ಗಡ್ಡೆ" ಎಂಬ ಪದ ಹಾಗಲ್ಲ. ನಮ್ಮ ಊರುಗಳಲ್ಲಿ ಎದೆಯೊಳಗೆ ಗಡ್ಡೆ ಎಂದರೆ ಕೇಳಿದವರು ಮುಂದಿನ ಮಾತನ್ನು ಕೇಳುವುದೇ ಇಲ್ಲ. ನಿಮ್ಮ ಅತ್ತೆಯವರು ಅತ್ತದ್ದು ಆ ಒಂದು ಪದಕ್ಕೆ. ನೋಡ್ಯೂಲ್ ಎಂಬ ಪದವನ್ನು ಹಾಗೆಯೇ ಇಟ್ಟು, ಜೊತೆಗೆ "ಗುಂಡಗೆ ಕಾಣುವ ಸಣ್ಣ ಗುರುತು" ಎಂದು ವಿವರಿಸುವುದು ಮೇಲು. ಮುಂದೆ ವೈದ್ಯರು ಅದೇ ಪದ ಹೇಳಿದಾಗ ಮನೆಯವರಿಗೆ ಗುರುತು ಹತ್ತುತ್ತದೆ, ಅಷ್ಟರವರೆಗೆ ಇಲ್ಲದ ಅರ್ಥವೂ ಸೇರುವುದಿಲ್ಲ. ಇದೇ ಕಾರಣಕ್ಕೆ ಲೀಷನ್ ಎಂಬುದನ್ನು "ಹುಣ್ಣು" ಎಂದು ಬರೆಯಬೇಡಿ. ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಜಾಗ ಎಂದಷ್ಟೇ ಅದರ ಅರ್ಥ.

ಇಂಡಿಟರ್ಮಿನೇಟ್ ಎಂಬುದನ್ನು ನೀವು ಬಿಟ್ಟುಬಿಟ್ಟಿರಿ. ಬಿಡಲು ಕಾರಣವನ್ನು ಊಹಿಸಬಲ್ಲೆ: ಅದು ಏನನ್ನೂ ಹೇಳದ ಪದದಂತೆ ಕಾಣುತ್ತದೆ. ವಾಸ್ತವದಲ್ಲಿ ಇಡೀ ಇಂಪ್ರೆಷನ್‌ನಲ್ಲಿ ಅತಿ ಮುಖ್ಯವಾದ ಪದ ಅದೇ. ಈ ಸ್ಕ್ಯಾನ್ ಒಂದನ್ನೇ ನೋಡಿ ಇದು ಇಂಥದ್ದು ಎಂದು ನಿರ್ಧರಿಸಲು ಆಗುವುದಿಲ್ಲ ಎಂದು ರೇಡಿಯಾಲಜಿಸ್ಟ್ ಹೇಳುತ್ತಿದ್ದಾರೆ. ಕನ್ನಡದಲ್ಲಿ ಅದನ್ನು ಒಂದು ಪೂರ್ತಿ ವಾಕ್ಯವಾಗಿಯೇ ಬರೆಯಬೇಕು: "ಇದು ಏನು ಎಂಬುದು ಈ ಸ್ಕ್ಯಾನ್‌ನಿಂದ ನಿರ್ಧಾರವಾಗಿಲ್ಲ." ಈ ವಾಕ್ಯ ಓದುವವರಿಗೆ ಹಿತವಾಗಿರುವುದಿಲ್ಲ, ಬರೆಯುವವರ ಕೈಯೂ ತಾನಾಗಿಯೇ "ಭಯಪಡುವಂಥದ್ದೇನಲ್ಲ" ಎಂದು ಸೇರಿಸಲು ಹೋಗುತ್ತದೆ. ದಯವಿಟ್ಟು ಸೇರಿಸಬೇಡಿ. ಹೆದರಿಸುವ ಮಾತನ್ನು ಸೇರಿಸುವುದು ಎಷ್ಟು ತಪ್ಪೋ ಸಮಾಧಾನದ ಮಾತನ್ನು ಸೇರಿಸುವುದೂ ಅಷ್ಟೇ ತಪ್ಪು; ಎರಡಕ್ಕೂ ವರದಿಯಲ್ಲಿ ಆಧಾರವಿಲ್ಲ. ಸಮಾಧಾನವನ್ನು ನೀವು ಮಾತಿನಲ್ಲಿ, ಪಕ್ಕದಲ್ಲಿ ಕುಳಿತು ಹೇಳಬಹುದು. ಆದರೆ "ವರದಿಯಲ್ಲಿ ಹೀಗಿದೆ" ಎಂಬ ತಲೆಬರಹದ ಕೆಳಗೆ ಅದು ಬರಬಾರದು.

ನೋಡ್ಯೂಲ್‌ನ ಸಾಲಿನಲ್ಲೇ ಇನ್ನೊಂದು ಅಪಾಯವಿದೆ. ಬಲಗಡೆಯ ಕಲೆ ಮತ್ತು ಎಡಗಡೆಯ ನೋಡ್ಯೂಲ್ ಎರಡನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿದರೆ ಕನ್ನಡದಲ್ಲಿ ಅವುಗಳ ನಡುವೆ ಕಾರಣದ ಸಂಬಂಧ ಬಂದುಬಿಡುತ್ತದೆ. "ಬಲಗಡೆ ಹಳೆಯ ಸೋಂಕಾಗಿ ಎಡಗಡೆ ನೋಡ್ಯೂಲ್ ಇದೆ" ಎಂದು ಬರೆದರೆ ಸೋಂಕಿನಿಂದಲೇ ನೋಡ್ಯೂಲ್ ಬಂತು ಎಂದು ಓದಿಸುತ್ತದೆ. ಹಾಗಿರಲೂಬಹುದು, ಆದರೆ ವರದಿ ಎರಡನ್ನೂ ಬೇರೆ ಬೇರೆ ಸಂಖ್ಯೆಯ ಕೆಳಗೆ ಇಟ್ಟಿದೆ, ಒಂದಕ್ಕೆ ಮಾತ್ರ ಹಳೆಯ ಸೋಂಕು ಎಂದು ಹೇಳಿ ಇನ್ನೊಂದಕ್ಕೆ ಹೇಳಿಲ್ಲ. ವರದಿ ಬೇರೆಯಿಟ್ಟದ್ದನ್ನು ಬೇರೆಯಾಗಿಯೇ ಇಡಿ. ವಾಕ್ಯಗಳು ತುಂಡುತುಂಡಾಗಿ ಕಂಡರೂ ಪರವಾಗಿಲ್ಲ.

ಲಿವರ್‌ನ ಮಾತು ಬೇರೆ ಬಗೆಯದು. ಎದೆಯ ಸಿಟಿ ಮಾಡುವಾಗ ಹೊಟ್ಟೆಯ ಮೇಲ್ಭಾಗವೂ ಸ್ವಲ್ಪ ಚಿತ್ರದಲ್ಲಿ ಬರುತ್ತದೆ. ಅಲ್ಲಿ ಕಂಡದ್ದನ್ನು ಬರೆಯುವ ಸಾಲಿನಲ್ಲಿ, ಲಿವರ್‌ನ ಬಲಹಾಲೆಯಲ್ಲಿ 5 ಮಿ.ಮೀ.ನ ಹೈಪೋಡೆನ್ಸ್ ಲೀಷನ್ ಇದೆ, ಸ್ವರೂಪ ಹೇಳಲಾಗದಷ್ಟು ಚಿಕ್ಕದು ಎಂದಿದೆ. ಹೈಪೋಡೆನ್ಸ್ ಎಂದರೆ ಸಿಟಿ ಚಿತ್ರದಲ್ಲಿ ಸುತ್ತಲಿನ ಭಾಗಕ್ಕಿಂತ ಕಪ್ಪಾಗಿ ಕಾಣುವುದು. ಈ ಸಾಲು ಫೈಂಡಿಂಗ್ಸ್‌ನಲ್ಲಿ ಮಾತ್ರ ಇದೆ, ಇಂಪ್ರೆಷನ್‌ನಲ್ಲಿ ಇಲ್ಲ. ಫೈಂಡಿಂಗ್ಸ್ ಎಂಬುದು ಕಂಡದ್ದೆಲ್ಲದರ ದಾಖಲೆ. ಇಂಪ್ರೆಷನ್ ಎಂಬುದು ಆ ದಾಖಲೆಯಿಂದ ವೈದ್ಯರ ಪ್ರಶ್ನೆಗೆ ಸಂಬಂಧಿಸಿದ್ದನ್ನೂ ಮುಂದೆ ಏನಾದರೂ ಮಾಡಬೇಕಾದದ್ದನ್ನೂ ಆರಿಸಿ ಕೊಟ್ಟ ಅಭಿಪ್ರಾಯ. ಹಾಗಾಗಿ ಒಂದು ಸಂಗತಿ ಮೇಲಿದ್ದು ಕೆಳಗಿಲ್ಲ ಎಂದರೆ ರೇಡಿಯಾಲಜಿಸ್ಟ್ ಅದಕ್ಕೆ ಅಷ್ಟು ತೂಕ ಕೊಟ್ಟಿಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ಕೆಲವೊಮ್ಮೆ ಸೇರಿಸಲು ಮರೆತಿರುವುದೂ ಉಂಟು. ಇವೆರಡರಲ್ಲಿ ಯಾವುದು ಎಂಬುದನ್ನು ತೀರ್ಮಾನಿಸುವ ಹೊಣೆ ಸಾರಾಂಶ ಬರೆಯುವವರದಲ್ಲ. ನೀವು ಮಾಡಬೇಕಾದದ್ದು ಆ ತೂಕವನ್ನು ಹಾಗೆಯೇ ಉಳಿಸುವುದು: ಇಂಪ್ರೆಷನ್‌ನ ಸಂಗತಿಗಳನ್ನು ಮೊದಲು ಬರೆದು, "ವಿವರದ ಭಾಗದಲ್ಲಿ ಮಾತ್ರ ಬರೆದಿರುವ ಇತರ ಸಂಗತಿಗಳು" ಎಂದು ಕೆಳಗೆ ಬೇರೆ ಮಾಡಿ ಇದನ್ನು ಹಾಕುವುದು. ನಿಮ್ಮ ಸಂದೇಶದಲ್ಲಿ ಲಿವರ್‌ನ ವಾಕ್ಯ ನೋಡ್ಯೂಲ್‌ನ ವಾಕ್ಯದ ಬೆನ್ನಿಗೇ, ಅದೂ "ಲಿವರ್‌ನಲ್ಲೂ" ಎಂದು ಬಂದಿದೆ. ಆ ಒಂದು "ಊ"ಕಾರದಿಂದ ಎಡ ಶ್ವಾಸಕೋಶದಲ್ಲಿದ್ದದ್ದೇ ಲಿವರ್‌ಗೂ ಹರಡಿದೆ ಎಂಬ ಅರ್ಥ ಹುಟ್ಟಿತು. ನೀವು ಹಾಗೆ ಹೇಳಬೇಕೆಂದಿರಲಿಲ್ಲ ಎಂಬುದು ನನಗೆ ಗೊತ್ತು.

"ಈಗ ಸೋಂಕೇನೂ ಇಲ್ಲ" ಎಂಬುದರ ಮೂಲ ಇಂಪ್ರೆಷನ್‌ನ ಕೊನೆಯ ಸಾಲು. ಸಕ್ರಿಯ ಸೋಂಕಿನ ಲಕ್ಷಣ ಈ ಸ್ಕ್ಯಾನ್‌ನಲ್ಲಿ ಕಂಡುಬಂದಿಲ್ಲ, ರೋಗಿಯ ಲಕ್ಷಣಗಳ ಜೊತೆ ಹೊಂದಿಸಿ ನೋಡಿ ಎಂದು ಅಲ್ಲಿದೆ. ಚಿತ್ರದಲ್ಲಿ ಕಾಣದಿರುವುದಕ್ಕೂ ದೇಹದಲ್ಲಿ ಇಲ್ಲದಿರುವುದಕ್ಕೂ ಇರುವ ಅಂತರವೇ ಈ ಸಾಲಿನ ಜೀವ. ಸಕ್ರಿಯ ಟಿಬಿ ಇದೆಯೋ ಇಲ್ಲವೋ ಎಂಬುದನ್ನು ಸಿಟಿ ಒಂದರಿಂದಲೇ ತೀರ್ಮಾನಿಸುವುದಿಲ್ಲ. ಕಫದ ಪರೀಕ್ಷೆ ಮತ್ತು ವೈದ್ಯರು ಎದುರಿಗೆ ಕುಳಿತು ಮಾಡುವ ತಪಾಸಣೆ ಜೊತೆಗೆ ಬೇಕು. ಹೊಂದಿಸಿ ನೋಡಿ ಎಂಬ ಮಾತು ಎಷ್ಟೋ ವರದಿಗಳ ಕೊನೆಯಲ್ಲಿ ಬರುವುದರಿಂದ ಅದನ್ನು ಪತ್ರದ ಕೊನೆಯ "ಇಂತಿ"ಯಂತೆ ಕಂಡು ಜನ ದಾಟಿಬಿಡುತ್ತಾರೆ, ಆದರೆ ಅದು ವೈದ್ಯರಿಗೆ ಕೊಟ್ಟ ಕೆಲಸ. ನಿಮ್ಮ ಮಾವನವರು ಏನೂ ಇಲ್ಲ ಎಂದುಕೊಂಡು ತೋಟಕ್ಕೆ ಹೊರಟದ್ದು, ಈ ಸಾಲಿನ ಮೊದಲರ್ಧ "ಇಲ್ಲ" ಆಗಿ, ಎರಡನೆಯರ್ಧ ಬಿದ್ದುಹೋದದ್ದರ ಫಲ. ಎರಡು ತಿಂಗಳ ಕೆಮ್ಮಿಗೆ ಕಾರಣ ಏನು ಎಂಬುದನ್ನು ಈ ವರದಿ ಹೇಳಿಲ್ಲ ಎಂಬುದನ್ನೂ ಗಮನಿಸಿ. ಅದನ್ನು ಸಾರಾಂಶದಲ್ಲಿ ಒಂದು ಸಾಲಾಗಿ ಬರೆಯುವುದು ಅರ್ಥ ಸೇರಿಸಿದಂತಾಗುವುದಿಲ್ಲ. ಓದುವವರು ತಾವಾಗಿ ಕಾರಣ ಕಲ್ಪಿಸಿಕೊಳ್ಳುವುದನ್ನು ಅದು ತಡೆಯುತ್ತದೆ.

ಉಳಿದದ್ದು "ಸಾಕಂತೆ". ಹಿಂದಿನ ಎಕ್ಸ್‌ರೇ ಅಥವಾ ಸ್ಕ್ಯಾನ್ ಇದ್ದರೆ ಅದರ ಜೊತೆ ಹೋಲಿಸಿ ನೋಡಬೇಕು, 6 ತಿಂಗಳ ನಂತರ ಮತ್ತೆ ಸಿಟಿ ಮಾಡಿಸುವುದು ಸೂಕ್ತ ಎಂದು ವರದಿ ಸಲಹೆ ಕೊಟ್ಟಿದೆ. ನೀವು ಮೊದಲ ಸಲಹೆಯನ್ನು ಬಿಟ್ಟಿರಿ, ಎರಡನೆಯದಕ್ಕೆ "ಸಾಕು" ಸೇರಿಸಿದಿರಿ. 6 ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿ ಎಂಬುದಕ್ಕೂ 6 ತಿಂಗಳವರೆಗೆ ಏನೂ ಮಾಡಬೇಕಾಗಿಲ್ಲ ಎಂಬುದಕ್ಕೂ ಬಹಳ ದೂರ. ಇದೇ ಜಾಗದಲ್ಲಿ ಓದಿಕೊಂಡವರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ. ನೋಡ್ಯೂಲ್‌ಗಳ ಬಗ್ಗೆ ಎದೆಯ ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್ನರ್ ಸೊಸೈಟಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. 6ರಿಂದ 8 ಮಿ.ಮೀ.ನ ಒಂಟಿ ಸಾಲಿಡ್ ನೋಡ್ಯೂಲ್ ಆಕಸ್ಮಿಕವಾಗಿ ಕಂಡರೆ 6ರಿಂದ 12 ತಿಂಗಳಲ್ಲಿ ಮತ್ತೆ ಸಿಟಿ ಮಾಡಿಸಬೇಕೆಂದು ಅದರಲ್ಲಿದೆ. ಹಾಗಾದರೆ 12 ತಿಂಗಳಿಗೂ ಮಾಡಿಸಬಹುದಲ್ಲ ಎಂದು ಯಾರಾದರೂ ಗುಂಪಿನಲ್ಲಿ ಬರೆದಾರು. ಆದರೆ ಆ ಮಾರ್ಗಸೂಚಿ 35 ವರ್ಷಕ್ಕಿಂತ ಚಿಕ್ಕವರಿಗೆ, ಈಗಾಗಲೇ ಕ್ಯಾನ್ಸರ್ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅನ್ವಯಿಸುವುದಿಲ್ಲ. ಅನ್ವಯಿಸುವವರಲ್ಲೂ ಬೀಡಿ-ಸಿಗರೇಟಿನ ಅಭ್ಯಾಸ, ವಯಸ್ಸು, ನೋಡ್ಯೂಲ್‌ನ ಅಂಚು ಮತ್ತು ಜಾಗ ಇವನ್ನೆಲ್ಲ ನೋಡಿ ವೈದ್ಯರು ಕಾಲವನ್ನು ನಿರ್ಧರಿಸುತ್ತಾರೆ. ಆ ಮಾಹಿತಿ ಸರಿಯೇ ಇದ್ದರೂ ನಿಮ್ಮ ಮಾವನವರ ವರದಿಯ ಮಾತಲ್ಲ, ಆದ್ದರಿಂದ ಸಾರಾಂಶದಲ್ಲಿ ಅದಕ್ಕೆ ಜಾಗವಿಲ್ಲ.

ನೀವು ಪೂರ್ತಿ ಬಿಟ್ಟಿರುವ ಇನ್ನೊಂದು ಸಾಲಿದೆ. ಎದೆಯ ನಡುಭಾಗದಲ್ಲಿ ಕೆಲವು ಹಾಲುರಸ ಗ್ರಂಥಿಗಳು ಕಂಡಿವೆ, ಅವುಗಳಲ್ಲಿ ದೊಡ್ಡದರ ಕಿರಿ ಅಡ್ಡಳತೆ 8 ಮಿ.ಮೀ., ಗಾತ್ರದ ಮಾನದಂಡದಲ್ಲಿ ಅವು ಗಣನೀಯವಲ್ಲ ಎಂದಿದೆ. ಇಂಥ ಗ್ರಂಥಿಗಳು ಎಲ್ಲರ ದೇಹದಲ್ಲೂ ಇರುತ್ತವೆ, 10 ಮಿ.ಮೀ. ಎಂಬುದು ಸಾಮಾನ್ಯವಾಗಿ ಬಳಸುವ ಗೆರೆ. ಇಲ್ಲಿ "ಗಾತ್ರದ ಮಾನದಂಡದಲ್ಲಿ" ಎಂಬ ಎರಡು ಪದಗಳನ್ನು ಕೈಬಿಡದೆ ಬರೆಯಬೇಕು. ಅವುಗಳನ್ನು ಬಿಟ್ಟು "ಗ್ರಂಥಿಗಳು ಚೆನ್ನಾಗಿವೆ" ಎಂದರೆ ವರದಿ ಕೊಡದ ಭರವಸೆಯನ್ನು ನೀವು ಕೊಟ್ಟಂತಾಗುತ್ತದೆ.

ಬರೆಯುವ ಕ್ರಮದ ಬಗ್ಗೆ ನನ್ನ ಸಲಹೆ ಇಷ್ಟು. ಇಂಪ್ರೆಷನ್‌ನಿಂದ ಆರಂಭಿಸಿ, ಅದರ ಒಂದೊಂದು ಸಾಲನ್ನೂ ಹಿಡಿದುಕೊಂಡು ಮೇಲಿನ ಫೈಂಡಿಂಗ್ಸ್‌ಗೆ ಹೋಗಿ, ಅದೇ ಸಂಗತಿಯ ಜಾಗ, ಬದಿ, ಅಳತೆ ಎಲ್ಲಿ ಬರೆದಿದೆ ಎಂದು ಹುಡುಕಿ ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ. ಎಡ-ಬಲವನ್ನೂ ಮಿ.ಮೀ.-ಸೆಂ.ಮೀ.ಯನ್ನೂ ವರದಿಯಲ್ಲಿ ಇದ್ದಂತೆಯೇ ನಕಲು ಮಾಡಿ, 7 ಮಿ.ಮೀ. ಎಂಬುದನ್ನು "ಮುಕ್ಕಾಲು ಸೆಂಟಿಮೀಟರ್" ಎಂದಾಗಲಿ "ಕರಿಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು" ಎಂದಾಗಲಿ ಬರೆಯಬೇಡಿ, ಏಕೆಂದರೆ ಮುಂದಿನ ಸ್ಕ್ಯಾನ್‌ನಲ್ಲಿ ಒಂದೆರಡು ಮಿಲಿಮೀಟರ್‌ನ ಬದಲಾವಣೆಯೇ ಮುಖ್ಯವಾಗುತ್ತದೆ. ಎರಡು ಭಾಗಗಳು ಒಂದಕ್ಕೊಂದು ಹೊಂದದಿದ್ದರೆ, ಅಂದರೆ ಮೇಲೆ ಎಡ ಎಂದಿದ್ದು ಕೆಳಗೆ ಬಲ ಎಂದಿದ್ದರೆ, ಯಾವುದು ಸರಿ ಎಂದು ನೀವು ಆರಿಸಬೇಡಿ. ಸ್ಕ್ಯಾನ್ ಮಾಡಿದ ವಿಭಾಗಕ್ಕೆ ಫೋನ್ ಮಾಡಿ, ವರದಿಯ ಸಂಖ್ಯೆ ಹೇಳಿ ಕೇಳಿ; ಅವರು ಚಿತ್ರವನ್ನು ಮತ್ತೆ ನೋಡಿ ತಿದ್ದುಪಡಿ ಟಿಪ್ಪಣಿ ಕೊಡುತ್ತಾರೆ. ನಿಮ್ಮ ವರದಿಯಲ್ಲಿ ಅಂಥ ವ್ಯತ್ಯಾಸವಿಲ್ಲ, ನಾನು ಸಾಲುಸಾಲಾಗಿ ಹೋಲಿಸಿ ನೋಡಿದ್ದೇನೆ.

ಹಾಗೆ ಬರೆದರೆ ನಿಮ್ಮ ಸಂದೇಶ ಹೆಚ್ಚುಕಡಿಮೆ ಹೀಗಾಗುತ್ತದೆ:

"ವೈದ್ಯರು ಕೇಳಿದ್ದ ಪ್ರಶ್ನೆ: ಎರಡು ತಿಂಗಳ ಕೆಮ್ಮಿಗೆ ಟಿಬಿ ಕಾರಣವಿರಬಹುದೇ?

ವರದಿಯ ಅಭಿಪ್ರಾಯ: ಬಲ ಶ್ವಾಸಕೋಶದ ಮೇಲ್ಭಾಗದ ತುದಿಯಲ್ಲಿ ಕಲೆಯಂಥ ಎಳೆಗಳು ಕಂಡಿವೆ, ಅಲ್ಲಿನ ಉಸಿರುನಾಳಗಳು ಸ್ವಲ್ಪ ಅಗಲವಾಗಿವೆ. ಇವು ಬಹುಶಃ ಹಳೆಯ ಯಾವುದೋ ಸೋಂಕಿನ ನಂತರ ಉಳಿದ ಬದಲಾವಣೆಗಳು ಎಂದು ಬರೆದಿದ್ದಾರೆ. ಯಾವ ಸೋಂಕು ಎಂದು ಹೇಳಿಲ್ಲ. ಎಡ ಶ್ವಾಸಕೋಶದ ಕೆಳಭಾಗದಲ್ಲಿ 7 × 6 ಮಿ.ಮೀ. ಅಳತೆಯ, ಗುಂಡಗೆ ಕಾಣುವ ಒಂದು ಗುರುತು ಕಂಡಿದೆ, ಇದನ್ನು ನೋಡ್ಯೂಲ್ ಎನ್ನುತ್ತಾರೆ. ಅದರ ಅಂಚು ಸ್ಪಷ್ಟವಾಗಿದೆ, ಒಳಗೆ ಕ್ಯಾಲ್ಸಿಯಂ ಕಂಡಿಲ್ಲ. ಅದು ಏನು ಎಂಬುದು ಈ ಸ್ಕ್ಯಾನ್‌ನಿಂದ ನಿರ್ಧಾರವಾಗಿಲ್ಲ. ಹಿಂದಿನ ಎಕ್ಸ್‌ರೇ ಅಥವಾ ಸ್ಕ್ಯಾನ್ ಇದ್ದರೆ ಹೋಲಿಸಿ ನೋಡಲು, 6 ತಿಂಗಳ ನಂತರ ಮತ್ತೆ ಸಿಟಿ ಮಾಡಿಸಲು ಸಲಹೆ ಕೊಟ್ಟಿದ್ದಾರೆ. ಸಕ್ರಿಯ ಸೋಂಕಿನ ಲಕ್ಷಣ ಈ ಸ್ಕ್ಯಾನ್‌ನಲ್ಲಿ ಕಂಡುಬಂದಿಲ್ಲ. ಅದನ್ನು ಮಾವನ ಲಕ್ಷಣಗಳ ಜೊತೆ ಹೊಂದಿಸಿ ನೋಡುವಂತೆ ವೈದ್ಯರಿಗೆ ಬರೆದಿದ್ದಾರೆ. ಕೆಮ್ಮಿಗೆ ಕಾರಣ ಏನು ಎಂದು ವರದಿಯಲ್ಲಿ ಹೇಳಿಲ್ಲ.

ವಿವರದ ಭಾಗದಲ್ಲಿ ಮಾತ್ರ ಬರೆದಿರುವ ಇತರ ಸಂಗತಿಗಳು: ಎದೆಯ ನಡುಭಾಗದಲ್ಲಿ ಕೆಲವು ಹಾಲುರಸ ಗ್ರಂಥಿಗಳು ಕಂಡಿವೆ, ದೊಡ್ಡದು 8 ಮಿ.ಮೀ.; ಗಾತ್ರದ ಮಾನದಂಡದಲ್ಲಿ ಗಣನೀಯವಲ್ಲ ಎಂದಿದ್ದಾರೆ. ಲಿವರ್‌ನ ಬಲಭಾಗದಲ್ಲಿ 5 ಮಿ.ಮೀ.ನ, ಸುತ್ತಲಿಗಿಂತ ಕಪ್ಪಾಗಿ ಕಾಣುವ ಜಾಗವೊಂದು ಕಂಡಿದೆ; ಸ್ವರೂಪ ಹೇಳಲಾಗದಷ್ಟು ಚಿಕ್ಕದು ಎಂದಿದ್ದಾರೆ. ಶ್ವಾಸಕೋಶದ ಸುತ್ತ ನೀರು ಕಂಡಿಲ್ಲ. ಹೃದಯದ ಗಾತ್ರ ಸಹಜವಾಗಿದೆ."

ಇದು ನಿಮ್ಮ ಮೊದಲ ಸಂದೇಶಕ್ಕಿಂತ ಉದ್ದವಾಗಿದೆ. ಅದನ್ನು ಚಿಕ್ಕದು ಮಾಡಲೇಬೇಕಿದ್ದರೆ ಕೊನೆಯ ಭಾಗದ ಸಹಜ ಸಂಗತಿಗಳನ್ನು ಬಿಡಿ, "ಬಹುಶಃ", "ನಿರ್ಧಾರವಾಗಿಲ್ಲ", "ಕಂಡುಬಂದಿಲ್ಲ" ಎಂಬ ಪದಗಳನ್ನು ಬಿಡಬೇಡಿ.

ಕಳುಹಿಸುವ ಮುನ್ನ ಎರಡು ಪರೀಕ್ಷೆ ಮಾಡಿ. ಮೊದಲನೆಯದು ಕಾಗದದ ಮೇಲೆ: ಸಾರಾಂಶದ ಪ್ರತಿಯೊಂದು ವಾಕ್ಯದ ಕೊನೆಗೂ ಅದು ವರದಿಯ ಯಾವ ಸಾಲಿನಿಂದ ಬಂತೋ ಅದರ ಸಂಖ್ಯೆ ಹಾಕಿ, ಸಂಖ್ಯೆ ಸಿಗದ ವಾಕ್ಯವನ್ನು ಹೊಡೆದುಹಾಕಿ. "ಯಾವ ಸೋಂಕು ಎಂದು ಹೇಳಿಲ್ಲ" ಎಂಬಂಥ ವಾಕ್ಯಕ್ಕೆ ಸಾಲಿನ ಸಂಖ್ಯೆ ಸಿಗುವುದಿಲ್ಲ, ಆದರೆ ವರದಿಯನ್ನು ಪೂರ್ತಿ ಓದಿದವರು ಅದು ನಿಜವೆಂದು ಒಪ್ಪುತ್ತಾರೆ, ಹಾಗಾಗಿ ಅದು ಉಳಿಯಬಹುದು. ಎರಡನೆಯದು ಮನುಷ್ಯರ ಮೇಲೆ: ವರದಿಯನ್ನು ನೋಡದ ಒಬ್ಬರಿಗೆ, ನೆರೆಮನೆಯವರಾದರೂ ಸರಿ, ಹೆಸರು ಹೇಳದೆ ಸಾರಾಂಶವನ್ನು ಓದಲು ಕೊಟ್ಟು "ಏನು ತಿಳಿಯಿತು ಹೇಳಿ" ಎಂದು ಕೇಳಿ. ಅವರು ಟಿಬಿ ಇದೆ, ಕ್ಯಾನ್ಸರ್ ಇದೆ, ಏನೂ ಇಲ್ಲ, ಈ ಮೂರರಲ್ಲಿ ಯಾವುದನ್ನು ಹೇಳಿದರೂ ಯಾವ ಪದ ಹಾಗೆ ಹೇಳಿಸಿತು ಎಂದು ಕೇಳಿ ಆ ಪದವನ್ನು ತಿದ್ದಿ. ಅತ್ತೆಯವರಿಗೆ ಕೊಡವ ತಕ್ಕ್‌ನಲ್ಲಿ ಬಾಯಿಮಾತಿನಲ್ಲಿ ಹೇಳುವುದಾದರೆ ಈ ಪರೀಕ್ಷೆ ಇನ್ನೂ ಅಗತ್ಯ. ಬರಹದಲ್ಲಿ ಉಳಿದ "ಬಹುಶಃ" ಮಾತಿನ ಅವಸರದಲ್ಲಿ ಬಿದ್ದುಹೋಗುವುದನ್ನು ಪ್ರತಿದಿನ ಕಾಣುತ್ತೇನೆ.

ಅತ್ತೆಯವರು "ಹಾಗಾದರೆ ಕ್ಯಾನ್ಸರ್ ಅಲ್ಲವೇ?" ಎಂದು ನೇರವಾಗಿ ಕೇಳಿದರೆ, "ವರದಿಯಲ್ಲಿ ಆ ಪದ ಇಲ್ಲ ಅತ್ತೆ. ಅದು ಇದೆ ಎಂದೂ ಬರೆದಿಲ್ಲ, ಅಲ್ಲ ಎಂದೂ ಬರೆದಿಲ್ಲ. ಈ ಸ್ಕ್ಯಾನ್‌ನಿಂದ ಗೊತ್ತಾಗಿಲ್ಲ ಎಂದಿದ್ದಾರೆ, ಅದನ್ನೇ ಡಾಕ್ಟರ್ ಹತ್ತಿರ ಮೊದಲು ಕೇಳುತ್ತೇವೆ" ಎಂದು ಹೇಳಿ. ಇದು ಪೂರ್ತಿ ಸತ್ಯವಾದ ಉತ್ತರ, ಇದಕ್ಕಿಂತ ಹೆಚ್ಚಿನದನ್ನು ಈ ಕಾಗದ ಹಿಡಿದುಕೊಂಡು ನಾನೂ ಹೇಳಲಾರೆ.

ಮುಂದಿನ ವಾರಕ್ಕೆ ಸಾರಾಂಶದ ಹಾಳೆಯ ಜೊತೆಗೆ ಪ್ರಶ್ನೆಗಳ ಇನ್ನೊಂದು ಹಾಳೆಯನ್ನು ಮಾಡಿಕೊಳ್ಳಿ. ಸಾರಾಂಶದಿಂದ ಹೊಡೆದುಹಾಕಿದ ನಿಮ್ಮ ಅನುಮಾನಗಳೆಲ್ಲ ಅಲ್ಲಿಗೆ ಹೋಗಲಿ: ಹಳೆಯ ಸೋಂಕು ಟಿಬಿ ಇದ್ದಿರಬಹುದೇ, ಕಫದ ಪರೀಕ್ಷೆ ಬೇಕೇ, ಲಿವರ್‌ನ ಗುರುತಿಗೆ ಬೇರೆ ಏನಾದರೂ ಮಾಡಬೇಕೇ, 6 ತಿಂಗಳ ಲೆಕ್ಕ ಸ್ಕ್ಯಾನ್ ಮಾಡಿಸಿದ ದಿನದಿಂದಲೇ, ಕೆಮ್ಮಿಗೆ ಕಾರಣ ಏನು. ಅದಕ್ಕೂ ಮೊದಲು ಮನೆಯ ಬೀರುಗಳಲ್ಲಿ ಮಾವನವರ ಹಳೆಯ ಎಕ್ಸ್‌ರೇ ಫಿಲ್ಮ್ ಇದೆಯೇ ಎಂದು ಹುಡುಕಿ, ಎಷ್ಟು ವರ್ಷ ಹಳೆಯದಾದರೂ ಸರಿ. ನಮ್ಮ ಮಳೆಗಾಲದ ತೇವಕ್ಕೆ ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಳೆದು ಬಿಡಿಸಲು ಹೋಗದೆ ಹಾಗೆಯೇ ಕವರಿನಲ್ಲಿಟ್ಟು ಒಯ್ಯಿರಿ. ಸಿಟಿಯ ಕಾಗದದ ವರದಿಯ ಜೊತೆಗೆ ಚಿತ್ರಗಳಿರುವ ಸಿಡಿಯನ್ನೂ ತೆಗೆದುಕೊಂಡು ಹೋಗಿ, ಏಕೆಂದರೆ ಹೋಲಿಕೆ ನಡೆಯುವುದು ಚಿತ್ರಗಳ ನಡುವೆ. ಈ ನಡುವೆ ಮಾವನವರಿಗೆ ಕೆಮ್ಮಿನಲ್ಲಿ ರಕ್ತ ಕಂಡರೆ, ಏದುಸಿರು ಬಂದರೆ ಅಥವಾ ಜ್ವರ ಏರಿದರೆ ವರದಿಯಲ್ಲಿ ಏನೇ ಇರಲಿ, ಮುಂದಿನ ವಾರದವರೆಗೆ ಕಾಯದೆ ಅಂದೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.